ಲ್ಯಾಪ್‌ಟಾಪ್ ಬಟನ್ ಒತ್ತಿದರೆ ಏನೂ ಆಗ್ತಿಲ್ವಾ? ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಬಟನ್ ಒತ್ತುತ್ತೀರಿ. ಲೈಟ್ ಹತ್ತಲ್ಲ, ಫ್ಯಾನ್ ತಿರುಗಲ್ಲ, ಪರದೆ ಕರ್ರಗೆ ಹಾಗೇ ಇರುತ್ತದೆ. ಮತ್ತೊಮ್ಮೆ ಒತ್ತುತ್ತೀರಿ. ಆಮೇಲೆ ಸ್ವಲ್ಪ ಜೋರಾಗಿ ಒತ್ತುತ್ತೀರಿ. ಅಷ್ಟರಲ್ಲಿ ಪಕ್ಕದಲ್ಲಿ ನಿಂತವರು ಯಾರೋ "ಬೋರ್ಡ್ ಹೋಗಿರಬೇಕು ನೋಡು" ಅಂದೇಬಿಡುತ್ತಾರೆ.

ಹುಬ್ಬಳ್ಳಿಯಲ್ಲಿ ರಿಪೇರಿ ಟೇಬಲ್ ಮುಂದೆ ಕೂರುವವನಾಗಿ ನಾನು ಹೇಳುವುದು ಇಷ್ಟೇ. ಬೋರ್ಡ್ ಮೇಲಿನ ಅನುಮಾನ ಕೊನೆಗಿರಲಿ. ಅದಕ್ಕೂ ಮೊದಲು ನೋಡಬೇಕಾದವು ಮೂರು: ಒಳಗೆ ಉಳಿದುಕೊಂಡ ಚಾರ್ಜ್, ಅಡಾಪ್ಟರ್, ಬ್ಯಾಟರಿ. ಇವನ್ನು ಒಂದೊಂದಾಗಿ, ಇದೇ ಕ್ರಮದಲ್ಲಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ, ಒಟ್ಟಿಗೆ ಜೋಡಿಸಿದರೆ ಲ್ಯಾಪ್‌ಟಾಪ್ ಆನ್ ಆಗಬಹುದು. ಆದರೆ ತಪ್ಪು ಎಲ್ಲಿತ್ತು ಅಂತ ಗೊತ್ತಾಗಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಕತೆ.

ಕೈ ಹಾಕುವ ಮೊದಲು

ಎರಡು ಸಂದರ್ಭದಲ್ಲಿ ಮುಂದಿನದನ್ನು ಯಾವುದನ್ನೂ ಮಾಡಬೇಡಿ. ಒಂದು, ಲ್ಯಾಪ್‌ಟಾಪ್ ಮೇಲೆ ನೀರೋ ಚಹಾವೋ ಬಿದ್ದಿದ್ದರೆ. ಆಗ ಅಡಾಪ್ಟರ್ ಕಿತ್ತಿಡಿ, ಬಟನ್ ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ, ನೇರವಾಗಿ ರಿಪೇರಿಗೆ ಒಯ್ಯಿರಿ. ತೇವ ಇರುವಾಗ ಒಳಗೆ ಕರೆಂಟ್ ಹರಿದರೆ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ.

ಎರಡನೆಯದು, ಬ್ಯಾಟರಿ ಉಬ್ಬಿದ್ದರೆ. ಲ್ಯಾಪ್‌ಟಾಪನ್ನು ಸಪಾಟಾದ ಟೇಬಲ್ ಮೇಲಿಟ್ಟು ಒಂದು ಮೂಲೆ ಒತ್ತಿ ನೋಡಿ. ತೊಟ್ಟಿಲಿನ ಹಾಗೆ ಅಲುಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಅಂಚಿನಲ್ಲಿ ಬಾಯಿ ಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಿರಿ. ಅದಕ್ಕೆ ಚಾರ್ಜ್ ಕೊಡಬಾರದು, ಒತ್ತಿ ಸಮ ಮಾಡಬಾರದು, ಸ್ಕ್ರೂ ಡ್ರೈವರ್ ತುದಿ ತಾಗಿಸಲೇಬಾರದು. ತೂತಾದರೆ ಬೆಂಕಿ ಹತ್ತಿಕೊಳ್ಳಬಹುದು.

ಇವೆರಡೂ ಇಲ್ಲ ಅಂದರೆ, ಲ್ಯಾಪ್‌ಟಾಪ್ ನಿಜವಾಗಿಯೂ ಸತ್ತಿದೆಯಾ ಅಥವಾ ಪರದೆ ಮಾತ್ರ ಕಾಣ್ತಿಲ್ವಾ ಅಂತ ಮೊದಲು ತಿಳಿದುಕೊಳ್ಳಿ. ಬಟನ್ ಒತ್ತಿ ಅರ್ಧ ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದರೆ ಯಂತ್ರ ಓಡುತ್ತಿದೆ, ತೊಂದರೆ ಪರದೆಯದ್ದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದಾಗ ಅಕ್ಷರಗಳು ಮಸುಕಾಗಿ ಕಂಡರೂ ಅಷ್ಟೇ. ಬಟನ್ ಒತ್ತಿದಾಗ ಯಾವುದಾದರೂ ಲೈಟ್ ಲೆಕ್ಕ ಹಾಕಿದ ಹಾಗೆ ಮಿನುಗಿದರೆ, ಉದಾಹರಣೆಗೆ ಮೂರು ಸಲ ಕೆಂಪು, ಎರಡು ಸಲ ಬಿಳಿ, ಅದನ್ನು ಬರೆದಿಟ್ಟುಕೊಳ್ಳಿ. ಅದು ಆಯಾ ಕಂಪನಿಯ ಸಂಕೇತ. ಮಾಡೆಲ್ ಹೆಸರಿನ ಜೊತೆ ಹುಡುಕಿದರೆ ಅರ್ಥ ಸಿಗುತ್ತದೆ. ಈ ಬರಹ ಇರುವುದು ಅಂಥದ್ದೇನೂ ಕಾಣದ, ಪೂರ್ತಿ ನಿಶ್ಶಬ್ದವಾದ ಲ್ಯಾಪ್‌ಟಾಪಿಗೆ.

ಸಪ್ತಾಪುರದಿಂದ ಬಂದ ಒಂದು ಲ್ಯಾಪ್‌ಟಾಪ್

ಸುಮ್ನೆ ಹಂತಗಳನ್ನಷ್ಟೇ ಹೇಳಿದರೆ ತಲೆಯಲ್ಲಿ ನಿಲ್ಲಲ್ಲ. ಹಾಗಾಗಿ ಒಂದು ಕೇಸ್ ಇಟ್ಟುಕೊಂಡು ಹೋಗೋಣ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಚಿಗರಿ ಬಸ್ ಹತ್ತಿ ಲ್ಯಾಪ್‌ಟಾಪ್ ತಂದಿದ್ದ.

"ಸರ, ಬಟನ್ ಒತ್ತಿದ್ರ ಏನೂ ಆಗವಲ್ದು. ನಿನ್ನೆ ರಾತ್ರಿ ಚೊಲೋ ಇತ್ರಿ."

"ರಾತ್ರಿ ಕರೆಂಟ್ ಹೋಗಿತ್ತೇನು?"

"ಹೌದ್ರಿ. ಮಳಿ ಬಂದಾಗ ಎರಡ್ ಮೂರ್ ಸಲ ಹೋಗಿ ಬಂತು. ಚಾರ್ಜಿಗೆ ಹಾಕೇ ಮಲಗಿದ್ದೆ."

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಚಾರ್ಜಿಗೆ ಹಾಕಿ ಮಲಗಿದ್ದ, ಅಂದರೆ ಬ್ಯಾಟರಿ ತುಂಬಿದೆ ಅಂತ ಅವನ ಲೆಕ್ಕ. ಲ್ಯಾಪ್‌ಟಾಪ್ ಮಧ್ಯಮ ದರ್ಜೆಯದು, ಬ್ಯಾಟರಿ ಒಳಗೆ ಇರುವ ಮಾಡೆಲ್. ಅಡಾಪ್ಟರ್ 65 ವ್ಯಾಟಿನದು, ತೆಳ್ಳಗಿನ ಪಿನ್, ಕೊಳವೆಯ ನಡುವೆ ಸೂಜಿಯಂಥ ಇನ್ನೊಂದು ಪಿನ್. ಅಸಲಿ ಹಾಳಾದ ಮೇಲೆ ಕೊಂಡ ಲೋಕಲ್ ಅಡಾಪ್ಟರ್ ಅದು.

ಒಂದನೇ ಕೆಲಸ: ಉಳಿದ ಚಾರ್ಜ್ ಖಾಲಿ ಮಾಡುವುದು

ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಅದರ ಬೋರ್ಡಿನಲ್ಲಿ ಒಂದು ಸಣ್ಣ ಚಿಪ್ ಎಚ್ಚರವಾಗಿರುತ್ತದೆ. ಅದಕ್ಕೆ ಎಂಬೆಡೆಡ್ ಕಂಟ್ರೋಲರ್ ಅಂತಾರೆ. ರಿಪೇರಿಯವರು ಇಸಿ ಅನ್ನುತ್ತಾರೆ. ನೀವು ಬಟನ್ ಒತ್ತಿದಾಗ ಕರೆಂಟ್ ನೇರವಾಗಿ ಪ್ರೊಸೆಸರಿಗೆ ಹೋಗಲ್ಲ. ಬಟನ್ ಈ ಇಸಿಗೆ ಒಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಅಡಾಪ್ಟರ್ ಇದೆಯಾ, ಬ್ಯಾಟರಿ ಹೇಗಿದೆ ಅಂತೆಲ್ಲ ನೋಡಿ ಉಳಿದ ಭಾಗಗಳನ್ನು ಎಬ್ಬಿಸುವುದು ಇಸಿಯ ಕೆಲಸ.

ಈ ಇಸಿಯೂ ಒಂದು ಪುಟ್ಟ ಕಂಪ್ಯೂಟರೇ. ಅದೂ ಹ್ಯಾಂಗ್ ಆಗುತ್ತದೆ. ಕರೆಂಟ್ ಹೋಗಿ ಬಂದು ಮಾಡಿದಾಗ, ಸ್ಲೀಪ್‌ಗೆ ಹೋಗುತ್ತಿರುವಾಗಲೇ ಬ್ಯಾಟರಿ ಮುಗಿದಾಗ ಹೀಗಾಗುವುದು ಉಂಟು. ಹ್ಯಾಂಗ್ ಆದರೆ ನೀವು ಎಷ್ಟೇ ಬಟನ್ ಒತ್ತಿದರೂ ಅದು ಕೇಳಿಸಿಕೊಳ್ಳಲ್ಲ. ಅದನ್ನು ಸರಿದಾರಿಗೆ ತರಲು ಅದಕ್ಕೆ ಸಿಗುವ ಕರೆಂಟನ್ನು ಪೂರ್ತಿ ನಿಲ್ಲಿಸಬೇಕು. ಅಡಾಪ್ಟರ್ ಕಿತ್ತರೂ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಚಾರ್ಜ್ ಉಳಿದಿರುತ್ತದೆ. ಬಟನ್ ಹಿಡಿದಾಗ ಆ ಚಾರ್ಜ್ ಇಳಿದುಹೋಗುತ್ತದೆ.

ಮಾಡುವ ಬಗೆ ಇದು:

1. ಗೋಡೆಯ ಸ್ವಿಚ್ ಆಫ್ ಮಾಡಿ, ಅಡಾಪ್ಟರ್ ಪಿನ್ನನ್ನು ಲ್ಯಾಪ್‌ಟಾಪಿನಿಂದ ತೆಗೆಯಿರಿ.
2. ಮೌಸ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೆಡ್‌ಫೋನ್, ಎಚ್‌ಡಿಎಂಐ ಕೇಬಲ್, ಎಲ್ಲವನ್ನೂ ಕಿತ್ತಿಡಿ. ಮೌಸಿನ ಡಾಂಗಲ್ ಮರೆಯಬೇಡಿ.
3. ಹಳೆ ಮಾಡೆಲ್ ಆಗಿದ್ದು, ಕೆಳಗಡೆ ಜಾರಿಸುವ ಲಾಕ್ ಇದ್ದರೆ ಬ್ಯಾಟರಿಯನ್ನೂ ತೆಗೆಯಿರಿ.
4. ಪವರ್ ಬಟನ್ನನ್ನು 30 ಸೆಕೆಂಡ್ ಬಿಡದೆ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಮಾಡೆಲ್ ಆದರೆ 40 ಸೆಕೆಂಡಿನವರೆಗೆ ಹಿಡಿಯಿರಿ.
5. ಬಟನ್ ಬಿಟ್ಟು ಒಂದು ನಿಮಿಷ ಕಾಯಿರಿ. ಬ್ಯಾಟರಿ ಹಾಕದೆ ಅಡಾಪ್ಟರ್ ಮಾತ್ರ ಜೋಡಿಸಿ. ಬ್ಯಾಟರಿ ಒಳಗಿದ್ದರೆ ಸುಮ್ನೆ ಅಡಾಪ್ಟರ್ ಜೋಡಿಸಿ. ಈಗ ಬಟನ್ನನ್ನು ಒಮ್ಮೆ ಮಾತ್ರ ಒತ್ತಿ.

ಆನ್ ಆಗಿ, ಹಳೆ ಮಾಡೆಲ್ ಆಗಿದ್ದರೆ, ಆಫ್ ಮಾಡಿ ಬ್ಯಾಟರಿ ಹಾಕಿ. ಕೆಲಸ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಹಳ ಜನ ಎಡವುವುದು ಅಲ್ಲೇ. ಬ್ಯಾಟರಿ ಒಳಗೇ ಇದ್ದರೆ, ನೀವು ಬಟನ್ ಎಷ್ಟು ಹೊತ್ತು ಹಿಡಿದರೂ ಇಸಿಗೆ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರುತ್ತದೆ. ಕೆಲವು ಕಂಪನಿಗಳು "ಬಟನ್ ಇಷ್ಟು ಹೊತ್ತು ಹಿಡಿದರೆ ಇಸಿ ರೀಸೆಟ್ ಆಗಲಿ" ಅಂತ ಒಳಗೇ ಏರ್ಪಾಡು ಮಾಡಿರುತ್ತವೆ. ಅಂಥ ಮಾಡೆಲ್ಲಿನಲ್ಲಿ ಉದ್ದಕ್ಕೆ ಹಿಡಿಯುವುದು ಕೆಲಸಕ್ಕೆ ಬರುತ್ತದೆ. ಅದಿಲ್ಲದ ಮಾಡೆಲ್ಲಿನಲ್ಲಿ ಹಿಡಿದದ್ದೆಲ್ಲ ವ್ಯರ್ಥ. ಲೆನೊವೊ ಥಿಂಕ್‌ಪ್ಯಾಡ್‌ಗಳಲ್ಲಿ ಹಲವಕ್ಕೆ ಕೆಳಗಡೆ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ಅಡಾಪ್ಟರ್ ತೆಗೆದು, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಆ ತೂತಿನಲ್ಲಿ ಹಾಕಿ ಒತ್ತಿ, ಒಂದು ನಿಮಿಷ ಬಿಟ್ಟು ಅಡಾಪ್ಟರ್ ಜೋಡಿಸಬೇಕು. ಮೈಕ್‌ನ ತೂತಿಗೆ ಕ್ಲಿಪ್ ಚುಚ್ಚೀರಿ, ಜೋಕೆ. ತೂತಿನ ಪಕ್ಕದಲ್ಲಿ ಸಣ್ಣ ರೀಸೆಟ್ ಗುರುತು ಇದೆಯಾ ನೋಡಿಕೊಳ್ಳಿ.

ಸಪ್ತಾಪುರದ ಹುಡುಗ ಇದನ್ನು ರೂಮಿನಲ್ಲೇ ಮಾಡಿ ಬಂದಿದ್ದ. ಏನೂ ಆಗಿರಲಿಲ್ಲ. ಅವನದು ಬ್ಯಾಟರಿ ಒಳಗಿರುವ ಮಾಡೆಲ್. ಹಾಗಾಗಿ "ಇಸಿ ಹ್ಯಾಂಗ್ ಆಗಿಲ್ಲ" ಅಂತ ಇದರಿಂದ ತೀರ್ಮಾನಕ್ಕೆ ಬರುವ ಹಾಗಿಲ್ಲ.

ಎರಡನೇ ಕೆಲಸ: ಅಡಾಪ್ಟರ್ ಪರೀಕ್ಷೆ

ಗೋಡೆಯಿಂದ ಶುರು ಮಾಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಬಿಟ್ಟು ನೇರ ಗೋಡೆಗೆ ಹಾಕಿ. ಗೋಡೆಯಿಂದ ಅಡಾಪ್ಟರ್ ಡಬ್ಬಿಗೆ ಬರುವ ದಪ್ಪ ವೈರನ್ನು ಡಬ್ಬಿಯಿಂದ ಒಮ್ಮೆ ಕಿತ್ತು, ಗಟ್ಟಿಯಾಗಿ ಒತ್ತಿ ಹಾಕಿ. ಈ ವೈರಿನ ಮೂರು ತೂತಿನ ತುದಿ ಸಡಿಲಾಗುವುದು ತೀರಾ ಸಾಮಾನ್ಯ. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಬಳಸುವವರ ಮನೆಯಲ್ಲಂತೂ ಇದೇ ಮೊದಲು ಹೋಗುತ್ತದೆ. ಅಡಾಪ್ಟರಿನಲ್ಲಿ ಲೈಟ್ ಇದ್ದರೆ ಅದು ಹತ್ತಿದೆಯಾ ನೋಡಿ.

ಈಗ ಪಿನ್ನನ್ನು ಲ್ಯಾಪ್‌ಟಾಪಿಗೆ ಹಾಕುವಾಗ ಆ ಲೈಟಿನ ಮೇಲೆ ಕಣ್ಣಿಡಿ. ಇದು ಮೀಟರ್ ಇಲ್ಲದೆ ಮಾಡಬಹುದಾದ ಒಳ್ಳೆಯ ಪರೀಕ್ಷೆ. ಪಿನ್ ಹಾಕಿದ ಕೂಡಲೇ ಲೈಟ್ ಆರಿದರೆ ಅಥವಾ ಮಿಣಿಮಿಣಿ ಅಂದರೆ ಎರಡರಲ್ಲಿ ಒಂದು: ಅಡಾಪ್ಟರಿಗೆ ಭಾರ ಹೊರುವ ಶಕ್ತಿ ಹೋಗಿದೆ, ಇಲ್ಲವೇ ಲ್ಯಾಪ್‌ಟಾಪಿನ ಒಳಗೆ ಶಾರ್ಟ್ ಆಗಿದೆ. ಯಾವುದು ಅಂತ ಹೇಳುವುದು ಎರಡನೇ ಅಡಾಪ್ಟರ್ ಮಾತ್ರ. ಅದಕ್ಕೆ ಆಮೇಲೆ ಬರೋಣ.

ಮಲ್ಟಿಮೀಟರ್ ಇದ್ದರೆ ವೋಲ್ಟೇಜ್ ಅಳೆಯಿರಿ. ಸಾದಾ ಮೀಟರ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅಡಾಪ್ಟರ್ ಬೆನ್ನ ಮೇಲಿನ ಚೀಟಿ ಓದಿ. INPUT ಅಂತ ಇರುವುದು ಗೋಡೆಯ ಕರೆಂಟ್, 100-240V. ನಮಗೆ ಬೇಕಾದದ್ದು OUTPUT ಸಾಲು. ಹುಡುಗನ ಅಡಾಪ್ಟರ್ ಮೇಲೆ ಹೀಗಿತ್ತು:

```
OUTPUT: 19.5V 3.33A 65W
```

ಮೀಟರನ್ನು ಡಿಸಿ ವೋಲ್ಟೇಜಿಗೆ ತಿರುಗಿಸಿ. ಎಸಿಗೆ ಅಲ್ಲ. ಕಪ್ಪು ವೈರ್ COM ತೂತಿನಲ್ಲಿ, ಕೆಂಪು ವೈರ್ V ತೂತಿನಲ್ಲಿ ಇರಲಿ. ಕೆಂಪು ವೈರ್ 10A ಅಂತ ಬರೆದ ತೂತಿನಲ್ಲಿದ್ದರೆ ಮೀಟರೇ ಅಡಾಪ್ಟರನ್ನು ಶಾರ್ಟ್ ಮಾಡುತ್ತದೆ. ದುಂಡು ಪಿನ್ ಇದ್ದರೆ ಕಪ್ಪು ಮೊನೆಯನ್ನು ಹೊರಗಿನ ಲೋಹದ ಮೈಗೆ ತಾಗಿಸಿ, ಕೆಂಪು ಮೊನೆಯನ್ನು ಕೊಳವೆಯ ಒಳಗಿನ ಗೋಡೆಗೆ ತಾಗಿಸಿ.

ನಡುವೆ ಸೂಜಿ ಇರುವ ಪಿನ್ನಿನಲ್ಲಿ ಎಚ್ಚರ ಬೇಕು. ಆ ಸೂಜಿಯಲ್ಲಿ ಲ್ಯಾಪ್‌ಟಾಪ್ ಓಡಿಸುವ ಕರೆಂಟ್ ಇರಲ್ಲ. "ನಾನು ಇಂತಿಷ್ಟು ವ್ಯಾಟಿನವನು" ಅಂತ ಅಡಾಪ್ಟರ್ ಗುರುತು ಹೇಳಿಕೊಳ್ಳುವ ದಾರಿ ಅದು. ಕೆಂಪು ಮೊನೆ ಬರೀ ಸೂಜಿಗೆ ತಾಗಿದರೆ ಚೀಟಿಗೆ ಹೊಂದದ ಅಂಕಿ ಬಂದು "ಅಡಾಪ್ಟರ್ ಹೋಗಿದೆ" ಅನಿಸುತ್ತದೆ. ಸೂಜಿಯನ್ನೂ ಗೋಡೆಯನ್ನೂ ಒಟ್ಟಿಗೆ ತಾಗಿಸಿದರೆ ಗುರುತಿನ ದಾರಿಯೇ ಸುಟ್ಟುಹೋಗಬಹುದು. ಮೀಟರಿನ ಮೊನೆ ದಪ್ಪಗಿದ್ದು ಒಳಗೆ ಹೋಗದಿದ್ದರೆ ಬಲವಂತ ಮಾಡಬೇಡಿ. ಅಳೆಯುವುದನ್ನೇ ಬಿಟ್ಟು ಬೇರೆ ಅಡಾಪ್ಟರ್ ಹಾಕಿ ನೋಡಿ.

ಇನ್ನೊಂದು ಗೊಂದಲ ನಾನು ಬಹಳ ಸಲ ನೋಡಿದ್ದೇನೆ. ಅಗ್ಗದ ಮೀಟರಿನ 20 ವೋಲ್ಟ್ ಸ್ಥಾನ ತೋರಿಸುವುದು 19.99ರವರೆಗೆ ಮಾತ್ರ. ಲೆನೊವೊ ಅಡಾಪ್ಟರ್‌ಗಳು ಸಾಮಾನ್ಯವಾಗಿ 20 ವೋಲ್ಟಿನವು. ಅಳೆದರೆ ಎಡಗಡೆ ಒಂಟಿ 1 ಕಾಣುತ್ತದೆ. ಅದು ಒಂದು ವೋಲ್ಟ್ ಅಲ್ಲ, "ನನ್ನ ಮಿತಿ ಮೀರಿತು" ಅನ್ನುವ ಸೂಚನೆ. ಗುಂಡಿಯನ್ನು 200 ವೋಲ್ಟಿಗೆ ತಿರುಗಿಸಿ ಅಳೆಯಿರಿ, 20.1, 20.2 ಹೀಗೆ ಬರುತ್ತದೆ. ಈ ಒಂಟಿ 1 ನೋಡಿ ಒಳ್ಳೆಯ ಅಡಾಪ್ಟರ್ ಎಸೆದವರೂ ಇದ್ದಾರೆ.

ಚೀಟಿಯ ಅಂಕಿಗೆ ಅರ್ಧ ವೋಲ್ಟ್ ಆಚೀಚೆ ಬಂದರೆ ಸರಿ. ಸೊನ್ನೆ ಬಂದರೆ ಅಡಾಪ್ಟರ್ ಅಥವಾ ಅದರ ವೈರ್ ಹೋಗಿದೆ. ಅಂಕಿ ಏರಿಳಿಯುತ್ತಿದ್ದರೆ ವೈರನ್ನು ಪಿನ್ನಿನ ಬುಡದಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಒಂದು ಭಂಗಿಯಲ್ಲಿ ಸರಿ ಬಂದು ಇನ್ನೊಂದರಲ್ಲಿ ಬೀಳುತ್ತಿದ್ದರೆ ಒಳಗೆ ತಂತಿ ತುಂಡಾಗಿದೆ.

ಹುಡುಗನ ಅಡಾಪ್ಟರ್ 19.4 ತೋರಿಸಿತು. ನೋಡಿದರೆ ಚೆನ್ನಾಗಿಯೇ ಇದೆ ಅಲ್ವಾ? ಆದರೆ ಪಿನ್ ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ಅದರ ಹಸಿರು ಲೈಟ್ ಮಿಣುಕತೊಡಗಿತು. ಲ್ಯಾಪ್‌ಟಾಪಿನ ಚಾರ್ಜಿಂಗ್ ಲೈಟ್ ಹತ್ತಲೇ ಇಲ್ಲ.

ಮೀಟರ್ ಸುಳ್ಳು ಹೇಳಲಿಲ್ಲ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರದಷ್ಟು ಕಡಿಮೆ. ಆ ಭಾರಕ್ಕೆ ಸೋತ ಅಡಾಪ್ಟರ್ ಕೂಡ ನೆಟ್ಟಗೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ಒಂದೋ ಎರಡೋ ಆಂಪಿಯರ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ, ಅಡಾಪ್ಟರ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಮತ್ತೆ ಎದ್ದು ನೋಡುತ್ತದೆ, ಮತ್ತೆ ಬೀಳುತ್ತದೆ. ಮಿಣುಕುವುದು ಅದಕ್ಕೇ. ಹಾಗಾಗಿ ಮೀಟರಿನಲ್ಲಿ ಸೊನ್ನೆ ಬಂದರೆ ಅಡಾಪ್ಟರ್ ಹೋಗಿದೆ ಅಂತ ಧೈರ್ಯವಾಗಿ ಹೇಳಬಹುದು. ಸರಿಯಾದ ಅಂಕಿ ಬಂದರೆ ಅಡಾಪ್ಟರ್ ಚೆನ್ನಾಗಿದೆ ಅಂತ ಹೇಳಲು ಬರಲ್ಲ.

ಇಂಥ ಹೊತ್ತಿನಲ್ಲಿ ಎರಡನೇ ಅಡಾಪ್ಟರ್ ಬೇಕು. ರೂಮ್‌ಮೇಟ್, ಪಕ್ಕದ ಮನೆ, ಕಾಲೇಜು ಲ್ಯಾಬ್, ಎಲ್ಲಾದರೂ ಕೇಳಿ. ವೋಲ್ಟೇಜ್ ಒಂದೇ ಇರಬೇಕು (19 ಮತ್ತು 19.5ರ ನಡುವಿನ ವ್ಯತ್ಯಾಸ ನಡೆಯುತ್ತದೆ). ಆಂಪಿಯರ್ ನಿಮ್ಮದರಷ್ಟೇ ಅಥವಾ ಜಾಸ್ತಿ ಇರಬೇಕು. ಜಾಸ್ತಿ ಇದ್ದರೆ ಲ್ಯಾಪ್‌ಟಾಪ್ ಸುಡಲ್ಲ, ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಪಿನ್ ಸಲೀಸಾಗಿ ಕೂರಬೇಕು. ಒತ್ತಿ ತುರುಕುವ ಪಿನ್ ನಿಮ್ಮ ಜ್ಯಾಕನ್ನು ಹಾಳು ಮಾಡುತ್ತದೆ. ಹಾಗೇ ಟಾರ್ಚ್ ಬಿಟ್ಟು ಜ್ಯಾಕಿನ ಒಳಗೂ ನೋಡಿ. ಒಳಗಿನ ಪಿನ್ ಬಾಗಿದ್ದರೆ, ಪ್ಲಾಸ್ಟಿಕ್ ಕಂದಿದ್ದರೆ, ಅಡಾಪ್ಟರ್ ಎಷ್ಟೇ ಒಳ್ಳೆಯದಿದ್ದರೂ ಲೈಟ್ ಹತ್ತಲ್ಲ.

ನಮ್ಮ ಟೇಬಲ್ಲಿನ 65 ವ್ಯಾಟ್ ಅಡಾಪ್ಟರ್ ಹಾಕಿದೆ. ಅದರ ಲೈಟ್ ಗಟ್ಟಿಯಾಗಿ ನಿಂತಿತು. ಲ್ಯಾಪ್‌ಟಾಪಿನ ಬದಿಯಲ್ಲಿ ಚಾರ್ಜಿಂಗ್ ಲೈಟ್ ಹತ್ತಿತು. ಶಾರ್ಟ್ ಇಲ್ಲ ಅಂತ ಇಷ್ಟರಲ್ಲೇ ಗೊತ್ತಾಯಿತು. ನಮ್ಮ ಅಡಾಪ್ಟರಿನ ಲೈಟೂ ಅವನದರ ಹಾಗೆ ಮಿಣುಕಿದ್ದರೆ ತಪ್ಪು ಬೋರ್ಡಿನದು ಅನ್ನಬೇಕಾಗಿತ್ತು. ರಾತ್ರಿ ಏನಾಯಿತು ಅನ್ನುವುದೂ ಹೊಳೆಯಿತು. ಕರೆಂಟ್ ಹೋಗಿ ಬರುವಾಗ ಮೊದಲೇ ಬಡಕಲಾಗಿದ್ದ ಅಡಾಪ್ಟರ್ ಸೋತಿದೆ. ಸ್ಲೀಪ್‌ನಲ್ಲಿದ್ದ ಲ್ಯಾಪ್‌ಟಾಪ್ ಬೆಳಗಿನ ತನಕ ಬ್ಯಾಟರಿ ತಿಂದಿದೆ. ಚಾರ್ಜಿಗೆ ಹಾಕಿ ಮಲಗಿದ್ದ ಹುಡುಗನಿಗೆ ಬೆಳಿಗ್ಗೆ ಸಿಕ್ಕದ್ದು ಖಾಲಿ ಬ್ಯಾಟರಿ.

ಆದರೂ ಬಟನ್ ಒತ್ತಿದರೆ ಲ್ಯಾಪ್‌ಟಾಪ್ ಏಳಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಟೈಪ್-ಸಿ ಚಾರ್ಜರ್ ಇರುವವರಿಗೆ ಎರಡು ಮಾತು. ಅದನ್ನು ಮೀಟರಿನಿಂದ ಅಳೆಯಲು ಹೋಗಬೇಡಿ. ಯಾವುದಕ್ಕೂ ಜೋಡಿಸದಿದ್ದಾಗ ಅದು ವೋಲ್ಟೇಜನ್ನೇ ಕೊಡಲ್ಲ. ಲ್ಯಾಪ್‌ಟಾಪ್ ಜೊತೆ ಮಾತುಕತೆ ಆಗಿ, 5 ವೋಲ್ಟಿನಿಂದ ಶುರುವಾಗಿ, ಒಪ್ಪಿಗೆ ಆದ ಮೇಲೆ 20ಕ್ಕೆ ಏರುತ್ತದೆ. ಅದರಿಂದ ಮೊಬೈಲ್ ಚಾರ್ಜ್ ಆದರೆ 5 ಅಥವಾ 9 ವೋಲ್ಟ್ ಬರುತ್ತಿದೆ ಅಂತಷ್ಟೇ ಗೊತ್ತಾಗುತ್ತದೆ. ಕೇಬಲ್ ಬದಲಿಸಿ ನೋಡಿ. ಲ್ಯಾಪ್‌ಟಾಪಿನ ಇನ್ನೊಂದು ಟೈಪ್-ಸಿ ಪೋರ್ಟಿಗೆ ಹಾಕಿ ನೋಡಿ, ಹಲವು ಮಾಡೆಲ್ಲಿನಲ್ಲಿ ಒಂದು ಪೋರ್ಟ್ ಮಾತ್ರ ಚಾರ್ಜ್ ತೆಗೆದುಕೊಳ್ಳುತ್ತದೆ. ಪಿನ್ನನ್ನು ತಿರುವಿ ಹಾಕಿಯೂ ನೋಡಿ. ಒಂದು ಮಗ್ಗುಲಲ್ಲಿ ಹತ್ತಿ ಇನ್ನೊಂದರಲ್ಲಿ ಹತ್ತದಿದ್ದರೆ ಪೋರ್ಟಿನಲ್ಲೋ ಕೇಬಲ್ಲಿನಲ್ಲೋ ಒಂದು ಸಂಪರ್ಕ ಹೋಗಿದೆ. ಮೊಬೈಲಿನ 18 ವ್ಯಾಟ್ ಚಾರ್ಜರಿನಿಂದ ಲ್ಯಾಪ್‌ಟಾಪ್ ಎದ್ದೀತು ಅಂತ ಕಾಯುತ್ತ ಕೂರಬೇಡಿ.

ಮೂರನೇ ಕೆಲಸ: ಬ್ಯಾಟರಿ ಕಿತ್ತು ಕೂರಿಸುವುದು

ಬಿಚ್ಚುವ ಮೊದಲು ಅರ್ಧ ಗಂಟೆ ತಾಳ್ಮೆ ಇರಲಿ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ, ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಲ್ಯಾಪ್‌ಟಾಪ್ ಆಗಿದ್ದರಂತೂ, ಅದಕ್ಕೆ ಮೊದಮೊದಲು ಹನಿ ಹನಿಯಾಗಿ ಕರೆಂಟ್ ಹೋಗುತ್ತದೆ. ಚೆನ್ನಾಗಿದೆ ಅಂತ ಗೊತ್ತಾದ ಅಡಾಪ್ಟರ್ ಹಾಕಿ, ಬಟನ್ ಮುಟ್ಟದೆ ಬಿಡಿ. ಆಮೇಲೆ ಒಮ್ಮೆ ಒತ್ತಿ. ಹುಡುಗನನ್ನು ಚಹಾ ಕುಡಿದು ಬಾ ಅಂತ ಕಳಿಸಿದ್ದು ಅದಕ್ಕೇ. ಬಂದಾಗಲೂ ಏನೂ ಆಗಿರಲಿಲ್ಲ.

ವಾರಂಟಿ ಇದ್ದರೆ ಇಲ್ಲೇ ನಿಲ್ಲಿಸಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಇಲ್ಲದಿದ್ದರೆ ಬೇಕಾಗುವುದು ಸಣ್ಣ ಸ್ಟಾರ್ ಸ್ಕ್ರೂ ಡ್ರೈವರ್ (ಪಿಎಚ್ 0 ಅಳತೆ), ಒಂದು ಹಳೆ ಪ್ಲಾಸ್ಟಿಕ್ ಕಾರ್ಡ್, ಒಂದು ಬಿಳಿ ಹಾಳೆ. ನಿಮ್ಮ ಮಾಡೆಲ್ ಬಿಚ್ಚುವ ವಿಡಿಯೊ ಒಂದನ್ನು ಮೊದಲೇ ಪೂರ್ತಿ ನೋಡಿ.

ಅಡಾಪ್ಟರ್ ಕಿತ್ತು, ಮೃದುವಾದ ಬಟ್ಟೆಯ ಮೇಲೆ ಲ್ಯಾಪ್‌ಟಾಪ್ ಬೋರಲು ಮಾಡಿ. ಬಣ್ಣ ಬಳಿಯದ ಲೋಹವನ್ನು, ನೀರಿನ ಸ್ಟೀಲ್ ನಲ್ಲಿಯಾದರೂ ಸರಿ, ಒಮ್ಮೆ ಮುಟ್ಟಿ. ಚಳಿಗಾಲದ ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಜಾಸ್ತಿ ಕೂತಿರುತ್ತದೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಜಾಗದ ಸ್ಕ್ರೂ ಅದೇ ಜಾಗದಲ್ಲಿ ಇಡುತ್ತ ಹೋಗಿ. ಉದ್ದ ಗಿಡ್ಡ ಬೇರೆ ಬೇರೆ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿ ತಿರುವಿದರೆ ಕೀಬೋರ್ಡ್ ಕಡೆ ಮೇಲೆದ್ದು ಬರುತ್ತದೆ, ಇಲ್ಲವೇ ಬೋರ್ಡಿಗೆ ಚುಚ್ಚುತ್ತದೆ. ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ರಬ್ಬರ್ ಕಾಲುಗಳ ಕೆಳಗೆ ನೋಡಿ, ಕೆಲವು ಮಾಡೆಲ್ಲಿನಲ್ಲಿ ಅಲ್ಲಿ ಅಡಗಿಸಿಟ್ಟಿರುತ್ತಾರೆ. ಕಾರ್ಡನ್ನು ಅಂಚಿನ ಸಂದಿನಲ್ಲಿ ತೂರಿಸಿ ಸುತ್ತಲೂ ಎಳೆಯಿರಿ. ಟಕ್ ಟಕ್ ಅಂತ ಕೊಂಡಿಗಳು ಬಿಡುತ್ತವೆ. ಆ ಸದ್ದಿಗೆ ಹೆದರಬೇಡಿ, ಆದರೆ ಕಾರ್ಡನ್ನು ಆಳಕ್ಕೆ ನುಗ್ಗಿಸಬೇಡಿ.

ಒಳಗೆ ಅಗಲವಾದ ಕಪ್ಪು ಪಟ್ಟಿಯ ಹಾಗೆ ಕಾಣುವುದೇ ಬ್ಯಾಟರಿ. ಅದರಿಂದ ಐದಾರು ಇಲ್ಲವೇ ಹೆಚ್ಚು ವೈರ್‌ಗಳು ಒಟ್ಟಾಗಿ ಬೋರ್ಡಿಗೆ ಹೋಗಿರುತ್ತವೆ. ಅದರ ತುದಿಯ ಕನೆಕ್ಟರ್ ಎರಡು ಬಗೆ. ಒಂದು ಬೋರ್ಡಿಗೆ ಸಮಾಂತರವಾಗಿ ಹಿಂದಕ್ಕೆ ಜಾರುತ್ತದೆ, ಇನ್ನೊಂದು ನೇರ ಮೇಲಕ್ಕೆ ಏಳುತ್ತದೆ. ಕೆಲವಕ್ಕೆ ತಂತಿಯ ಕೊಂಡಿಯೋ ಸಣ್ಣ ಲಾಕೋ ಇರುತ್ತದೆ, ಮೊದಲು ಅದನ್ನು ಬಿಡಿಸಬೇಕು. ಯಾವ ಬಗೆ ಅಂತ ಗೊತ್ತಾಗುವ ತನಕ ಬಲ ಹಾಕಬೇಡಿ. ಜಾರುವುದನ್ನು ಮೇಲಕ್ಕೆ ಎತ್ತಿದರೆ ಕನೆಕ್ಟರ್ ಬೋರ್ಡಿನಿಂದಲೇ ಕಿತ್ತು ಬರುತ್ತದೆ. ಆಗ ನಿಜವಾಗಿಯೂ ಬೋರ್ಡ್ ರಿಪೇರಿ. ವೈರ್ ಹಿಡಿದು ಎಳೆಯಬೇಡಿ. ಎರಡೂ ಬದಿಗೆ ಉಗುರಿನಿಂದ ಅಥವಾ ಪ್ಲಾಸ್ಟಿಕ್ ಕಾರ್ಡಿನಿಂದ ಸ್ವಲ್ಪ ಸ್ವಲ್ಪವೇ ತಳ್ಳಿ. ಲೋಹ ಬೇಡ, ಈ ಪಿನ್ನುಗಳಲ್ಲಿ ಬ್ಯಾಟರಿ ಕರೆಂಟ್ ಜೀವಂತ ಇರುತ್ತದೆ.

ಕನೆಕ್ಟರ್ ಬಿಟ್ಟಿತು ಅಂದರೆ ಇಸಿಗೆ ಈಗ ಎರಡೂ ಕಡೆಯಿಂದ ಕರೆಂಟ್ ಇಲ್ಲ. ಪವರ್ ಬಟನ್ನನ್ನು 30 ಸೆಕೆಂಡ್ ಹಿಡಿಯಿರಿ. ಮೊದಲನೇ ಹಂತದಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸ ಈಗ ಪೂರ್ತಿ ಆಯಿತು. ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿವೆಯಾ, ಕಪ್ಪಾಗಿವೆಯಾ ಕಣ್ಣಾಡಿಸಿ.

ಬ್ಯಾಟರಿ ಹಾಕದೆಯೇ ಮುಚ್ಚಳವನ್ನು ಸುಮ್ನೆ ಮೇಲೆ ಇಟ್ಟು, ಲ್ಯಾಪ್‌ಟಾಪ್ ನೆಟ್ಟಗೆ ಮಾಡಿ, ಅಡಾಪ್ಟರ್ ಜೋಡಿಸಿ ಬಟನ್ ಒತ್ತಿ. ಹೆಚ್ಚಿನ ಮಾಡೆಲ್‌ಗಳು ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರಿನಿಂದ ಏಳುತ್ತವೆ. ಕೆಲವು ಹೊಸ ತೆಳ್ಳನೆಯವು ಏಳಲ್ಲ, ಆದ್ದರಿಂದ ಏಳಲಿಲ್ಲ ಅಂದ ಮಾತ್ರಕ್ಕೆ ಬೋರ್ಡ್ ಹೋಗಿದೆ ಅಂತ ಅಲ್ಲ.

ಹುಡುಗನ ಲ್ಯಾಪ್‌ಟಾಪ್ ಎದ್ದಿತು. ಫ್ಯಾನ್ ಸುಂಯ್ ಅಂದಿತು, ಮೊದಲ ಪರದೆಯಲ್ಲಿ ದಿನಾಂಕ ತಪ್ಪಾಗಿದೆ ಅಂತ ತಕರಾರು ತೆಗೆಯಿತು. ಬ್ಯಾಟರಿ ಕಿತ್ತಾಗ ಕೆಲವು ಮಾಡೆಲ್ಲಿನಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಅದು ದೊಡ್ಡ ವಿಷಯವಲ್ಲ.

ಎದ್ದ ಮೇಲೆ ಪೂರ್ತಿ ಶಟ್‌ಡೌನ್ ಮಾಡಿ. ಅಡಾಪ್ಟರ್ ಕಿತ್ತು, ಬ್ಯಾಟರಿ ಕನೆಕ್ಟರ್ ಕೂರಿಸಿ. ಎರಡೂ ಬದಿ ಸಮವಾಗಿ ಕೂತಿದೆಯಾ ಅಂತ ಬೆಳಕಿನಲ್ಲಿ ನೋಡಿ, ಒಂದು ಬದಿ ಕೂದಲೆಳೆಯಷ್ಟು ಹೊರಗಿದ್ದರೂ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಅಂತ ಗೊತ್ತಾಗದೆ ಇರಬಹುದು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಮೊದಲು ಅಡಾಪ್ಟರ್ ಜೋಡಿಸಿ, ಆಮೇಲೆ ಬಟನ್ ಒತ್ತಿ. ಈ ಕ್ರಮಕ್ಕೆ ಕಾರಣ ಇದೆ. ಕೆಲವು ಬ್ಯಾಟರಿಗಳು ಕನೆಕ್ಟರ್ ತೆಗೆದು ಹಾಕಿದ ಮೇಲೆ ಮಲಗಿಯೇ ಇರುತ್ತವೆ, ಅಡಾಪ್ಟರಿನ ಕರೆಂಟ್ ಒಮ್ಮೆ ತಾಗಿದರೆ ಮಾತ್ರ ಏಳುತ್ತವೆ. ಬರೀ ಬ್ಯಾಟರಿಯಲ್ಲಿ ಒತ್ತಿ ನೋಡಿ "ಮತ್ತೆ ಸತ್ತಿತು" ಅಂತ ಗಾಬರಿಯಾಗುವುದು ಬೇಡ.

ಎದ್ದ ಮೇಲೆ ಬ್ಯಾಟರಿಯ ಲೆಕ್ಕ

ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಿ:

```
powercfg /batteryreport
```

battery-report.html ಅನ್ನುವ ಫೈಲ್ ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತದೆ. ಬ್ರೌಸರಿನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಎರಡನ್ನೂ ಹೋಲಿಸಿ. ಮೊದಲನೆಯದು ಹೊಸದಾಗಿದ್ದಾಗಿನ ಶಕ್ತಿ, ಎರಡನೆಯದು ಈಗ ತುಂಬುವಷ್ಟು. ಹುಡುಗನದು 41,000ದ ಆಸುಪಾಸಿನಿಂದ 27,000ಕ್ಕೆ ಇಳಿದಿತ್ತು. ಮೂರರಲ್ಲಿ ಎರಡು ಪಾಲು ಉಳಿದಿದೆ, ಇನ್ನೂ ಓಡುತ್ತದೆ. ಬ್ಯಾಟರಿ ಬದಲಿಸುವ ಖರ್ಚು ಬೇಡ ಅಂದೆ. ಎರಡನೇ ಅಂಕಿ ಮೊದಲನೆಯದರ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಹೊಸದಕ್ಕೆ ಹಣ ಎತ್ತಿಡುವುದು ಒಳ್ಳೆಯದು. ಬದಲಿಸಬೇಕಾಗಿದ್ದು ಅಡಾಪ್ಟರ್. 19.4 ತೋರಿಸಿದ್ದನ್ನು ಎಸೆಯಲು ಅವನಿಗೆ ಮನಸ್ಸಿರಲಿಲ್ಲ. "ಮೀಟರ್ ಸರಿ ತೋರ್ಸತೈತಲ್ರಿ" ಅಂತಲೇ ಇದ್ದ. ಅದೇ ಅಡಾಪ್ಟರನ್ನು ಅವನ ಕಣ್ಣೆದುರೇ ಮತ್ತೆ ಲ್ಯಾಪ್‌ಟಾಪಿಗೆ ಹಾಕಿ, ಲೈಟ್ ಮಿಣುಕುವುದನ್ನು ತೋರಿಸಿದ ಮೇಲೆ ಒಪ್ಪಿದ.

ಇಷ್ಟೆಲ್ಲ ಮಾಡಿದರೂ ಏಳದಿದ್ದರೆ

ಬಿಚ್ಚಿದ ಮುಚ್ಚಳ ಹೇಗೂ ತೆರೆದಿದೆ, ಬ್ಯಾಟರಿಯೂ ಅಡಾಪ್ಟರೂ ಕಿತ್ತಿವೆ ಅಂತ ಖಾತ್ರಿ ಮಾಡಿಕೊಂಡು ರ್‍ಯಾಮ್ ಒಮ್ಮೆ ಕಿತ್ತು ಹಾಕಿ ನೋಡಬಹುದು. ಆದರೆ ರ್‍ಯಾಮ್ ತೊಂದರೆ ಇದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ ಅಥವಾ ಲೈಟ್ ಮಿನುಗುತ್ತದೆ. ಪೂರ್ತಿ ನಿಶ್ಶಬ್ದಕ್ಕೆ ಅದು ಕಾರಣವಾಗುವುದು ಕಡಿಮೆ. ಚಾರ್ಜಿಂಗ್ ಲೈಟ್ ಚೆನ್ನಾಗಿ ಹತ್ತುತ್ತದೆ, ಬಟನ್ನಿಗೆ ಮಾತ್ರ ಜವಾಬಿಲ್ಲ ಅಂದರೆ ಬಟನ್ನೋ, ಅದರಿಂದ ಬೋರ್ಡಿಗೆ ಹೋಗುವ ರಿಬ್ಬನ್ ಕೇಬಲ್ಲೋ ಹೋಗಿರಬಹುದು. ಬಟನ್ ಒತ್ತಿದಾಗ ಮೊದಲಿನ ಹಾಗೆ ಕಟ್ ಅಂತ ಬೆರಳಿಗೆ ತಾಗುತ್ತದೆಯಾ ಗಮನಿಸಿ. ಅದು ಸಣ್ಣ ರಿಪೇರಿ, ಬೋರ್ಡ್ ರಿಪೇರಿಯ ದರ ಕೊಡಬೇಕಾಗಿಲ್ಲ.

ಎರಡು ಒಳ್ಳೆಯ ಅಡಾಪ್ಟರ್ ಹಾಕಿದರೂ ಲೈಟ್ ಹತ್ತದಿದ್ದರೆ, ಬ್ಯಾಟರಿ ಕಿತ್ತ ಮೇಲೂ ಹಾಗೇ ಇದ್ದರೆ, ಜ್ಯಾಕ್ ಅಥವಾ ಬೋರ್ಡಿನ ಕೆಲಸ. ಅದು ಮನೆಯಲ್ಲಿ ಆಗುವಂಥದ್ದಲ್ಲ. ಅಂಗಡಿಗೆ ಹೋದಾಗ "ಆನ್ ಆಗ್ತಿಲ್ಲ" ಅಂತಷ್ಟೇ ಹೇಳಬೇಡಿ. ಅಡಾಪ್ಟರ್ ಎಷ್ಟು ವೋಲ್ಟ್ ತೋರಿಸಿತು, ಪಿನ್ ಹಾಕಿದಾಗ ಅದರ ಲೈಟ್ ಏನಾಯಿತು, ಬೇರೆ ಅಡಾಪ್ಟರಿಗೆ ಏನಾಯಿತು, ಬ್ಯಾಟರಿ ಇಲ್ಲದೆ ಏನಾಯಿತು, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಕೊಡಿ. ನಿಮ್ಮ ಅಡಾಪ್ಟರನ್ನೂ ಜೊತೆಗೆ ಒಯ್ಯಿರಿ. ಬಹಳ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ, ನಾವು ನಮ್ಮದು ಹಾಕಿ ನೋಡಿದರೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತದೆ.